ಶುಂಠಿ ಸಾರದಿಂದ ಎಥನಾಲ್ ತೆಗೆಯಲು ಯಾವುದು: ಸಾದಾ ಡಿಸ್ಟಿಲೇಶನ್, ಕಾಲಂ, ಇಲ್ಲಾ ರೋಟಾವೇಪರ್?

ಸಾಗರದ ಶುಂಠಿ: ಒಣಶುಂಠಿ ಪುಡಿಯನ್ನು 95% ಎಥನಾಲ್‌ನಲ್ಲಿ ನೆನೆಸಿ ಸೋಸಿದ್ದೇನೆ, 3 ಲೀಟರ್ ಇದೆ. ಎಥನಾಲ್ ಹೋಗಬೇಕು, ಶುಂಠಿಗೆ ಖಾರ ಕೊಡುವ ಜಿಂಜರಾಲ್ ಹಾಳಾಗಬಾರದು. ಯಾವುದನ್ನು ತಗೊಳ್ಳಲಿ? ಮಾಡಿದವರು ಅನುಭವ ಹೇಳಿ.

ಹೀಟಿಂಗ್ ಮ್ಯಾಂಟಲ್: ಸುಮ್ನೆ ದುಡ್ಡು ಹಾಕಬೇಡಿ. ನಾನು ಎರಡು ವರ್ಷದಿಂದ ಸಾದಾ ಡಿಸ್ಟಿಲೇಶನ್‌ನಲ್ಲೇ ಮಾಡುತ್ತಿದ್ದೇನೆ. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಜಿಂಜರಾಲ್ ಅಷ್ಟಕ್ಕೆಲ್ಲ ಸಾಯಲ್ಲ. ಥರ್ಮಾಮೀಟರ್ ಕೊನೆವರೆಗೂ 78 ಬಿಟ್ಟು ಕದಲುವುದಿಲ್ಲ. ಮ್ಯಾಂಟಲ್, ಗಾಜು, ಸ್ಟ್ಯಾಂಡ್ ಎಲ್ಲ ಸೇರಿ 11 ಸಾವಿರದಲ್ಲಿ ಮುಗಿಯಿತು. ಖಾರ ನೋಡಿದರೆ ಮೊದಲಿಗಿಂತ ಜಾಸ್ತಿನೇ ಇರುತ್ತದೆ, ಗಿರಾಕಿಗಳೂ ಖುಷಿ.

ಹಳೇ ಲ್ಯಾಬಿನವ: ಖಾರ ಜಾಸ್ತಿ ಆಯಿತು ಅಂದರೆ ಅದೇ ಸುಳಿವು ಸ್ವಾಮಿ. ಬಿಸಿಗೆ ಜಿಂಜರಾಲ್ ನೀರು ಬಿಟ್ಟು ಶೋಗಾಲ್ ಆಗುತ್ತದೆ, ಶೋಗಾಲ್ ಇನ್ನೂ ಖಾರ. ನಿಮ್ಮ ಗಿರಾಕಿಗೆ ಅದೇ ಬೇಕಿದ್ದರೆ ಸರಿ. ಇಲ್ಲಿ ಕೇಳಿದವರಿಗೆ ಬೇಡ.

ಆಮೇಲೆ ಆ ಥರ್ಮಾಮೀಟರ್ ತೋರಿಸುವುದು ಮೇಲಿನ ಆವಿಯ ಬಿಸಿ. ಫ್ಲಾಸ್ಕಿನ ತಳದ್ದಲ್ಲ. ಎಥನಾಲ್ ಕಡಿಮೆಯಾದಂತೆ ಕೆಳಗೆ ಉಳಿಯುವುದು ನೀರು ಮತ್ತು ರಾಳ. ಆಗ ತಳ ನೂರಕ್ಕೆ ಏರುತ್ತದೆ. ಮ್ಯಾಂಟಲ್ ಮುಟ್ಟಿದ ಗಾಜಿನ ಗೋಡೆ ಅದಕ್ಕಿಂತ ಬಿಸಿ. ಅಲ್ಲಿ ಒಣಗಿ ಅಂಟಿಕೊಂಡ ರಾಳ ಸೀಯುತ್ತದೆ. ಕೊನೆಯ 200 ಮಿಲೀ ಹೊತ್ತಿಗೆ ಗೋಡೆ ಮೇಲೆ ಕಂದು ಗೆರೆ ಬಂದಿರಬೇಕಲ್ಲ?

ಹೀಟಿಂಗ್ ಮ್ಯಾಂಟಲ್: ಗೆರೆ ಬರುತ್ತೆ. ಸೋಪ್ ಹಾಕಿ ತೊಳೆದರೆ ಹೋಗುತ್ತೆ. ಎಲ್ಲರಿಗೂ ನಿಮ್ಮ ಥರ ಲ್ಯಾಬ್ ಇರಲ್ಲ ರಾಯರೇ.

ನಿಂಬೆಹುಲ್ಲು ತೋಟ: ಕಾಲಂ ತಗೊಳ್ಳಿ ಅನ್ನುವವರಿಗೆ ನನ್ನ ಕಥೆ. ನಿಂಬೆಹುಲ್ಲಿನ ಎಣ್ಣೆಯಿಂದ ಸಿಟ್ರಾಲ್ ಬೇರೆ ಮಾಡಬೇಕಿತ್ತು. ಹೊರಗಿನ ಒತ್ತಡದಲ್ಲಿ ಅದು 228ರ ಹತ್ತಿರ ಕುದಿಯುತ್ತದೆ, ಅಷ್ಟು ಬಿಸಿ ಕೊಟ್ಟರೆ ಕಪ್ಪಾಗುತ್ತದೆ. ಹಾಗಾಗಿ ಕಡಿಮೆ ಬಿಸಿಗೇ ಕುದಿಯಲಿ ಅಂತ ವ್ಯಾಕ್ಯೂಮ್. 60 ಸೆಂ.ಮೀ. ಕಾಲಂ ತಂದು ಒಳಗೆ ಗಾಜಿನ ಉಂಗುರ ತುಂಬಿದೆ, 14 ಸಾವಿರ. ಪಂಪ್ 22 ಸಾವಿರ. ಮೇಲಿನ ಗೇಜ್ ಬರೀ 6 ಮಿ.ಮೀ. ಪಾದರಸದ ಒತ್ತಡ ತೋರಿಸುತ್ತಿತ್ತು, ಹಾರಾಡಿಬಿಟ್ಟೆ. ತಳ ಮಾತ್ರ 130 ದಾಟಿತ್ತು. ಎಣ್ಣೆ ಟೀ ಬಣ್ಣಕ್ಕೆ ತಿರುಗಿ ಗೋಂದಿನಂತಾಯಿತು.

ಕಾರಣ ಹಿಡಿಯಲು ನಾಲ್ಕು ಬ್ಯಾಚ್ ಹೋಯಿತು. ಆವಿ ಆ ಉಂಗುರಗಳ ಸಂದಿನಲ್ಲಿ ನುಗ್ಗಿ ಮೇಲೆ ಬರಬೇಕು, ಹಾಗಾಗಿ ಕೆಳಗಿನ ಒತ್ತಡ ಮೇಲಿನದಕ್ಕಿಂತ ಎಷ್ಟೋ ಜಾಸ್ತಿ. ಮೇಲೆ ಎಷ್ಟೇ ವ್ಯಾಕ್ಯೂಮ್ ಇರಲಿ, ತಳ ತನ್ನ ಪಾಡಿಗೆ ಕಾಯುತ್ತದೆ. ಉಂಗುರ ತೆಗೆದು, ಒಳಗೋಡೆಯಲ್ಲಿ ಗಾಜಿನ ಮುಳ್ಳುಗಳಷ್ಟೇ ಇರುವ ವಿಗ್ರೂ ಕಾಲಂ ಹಾಕಿದೆ. ತಳ ತಣ್ಣಗಾಯಿತು, ಬೇರ್ಪಡುವುದೂ ಕಡಿಮೆಯಾಯಿತು. ಅದರ ಮೇಲೆ ಪ್ರತಿ ಸಲ 30-40 ಮಿಲೀ ಕಾಲಮ್ಮಿನಲ್ಲೇ ಅಂಟಿಕೊಂಡು ಉಳಿಯುತ್ತದೆ. ಆದರೂ ನನಗೆ ಕಾಲಮ್ಮೇ ಬೇಕು. ವ್ಯಾಕ್ಯೂಮ್ ಕೊಟ್ಟು ಫ್ಲಾಸ್ಕನ್ನು ಬಿಸಿನೀರಿನ ತೊಟ್ಟಿಯಲ್ಲಿ ತಿರುಗಿಸುವ ರೋಟಾವೇಪರ್ ಎರಡು ಎಣ್ಣೆಗಳನ್ನು ಬೇರೆ ಮಾಡಲಾರದು.

ಹಳೇ ಲ್ಯಾಬಿನವ: ನಿಮಗೆ ಕಾಲಂ ಸರಿ, ಎರಡೂ ಎಣ್ಣೆಗಳು ಹತ್ತಿರ ಹತ್ತಿರ ಕುದಿಯುತ್ತವೆ. ಶುಂಠಿಯದು ಹಾಗಲ್ಲ. ಒಂದು ಕಡೆ ಎಥನಾಲ್, ಇನ್ನೊಂದು ಕಡೆ ಆವಿಯೇ ಆಗದ ರಾಳ. ಅಲ್ಲಿ ಕಾಲಮ್ಮಿಗೆ ಮಾಡಲು ಕೆಲಸವೇ ಇಲ್ಲ.

ಉಗಿ ಯಂತ್ರ: ಇಷ್ಟು ಕಷ್ಟ ಯಾಕೆ? ಉಗಿ ಹಾಯಿಸಿ ಶುಂಠಿ ಎಣ್ಣೆ ತೆಗೆಯಿರಿ. ನಮ್ಮದು 50 ಕೆ.ಜಿ. ಡ್ರಮ್ಮು, ಎಥನಾಲ್ ರಗಳೆಯೇ ಇಲ್ಲ.

ಹಳೇ ಲ್ಯಾಬಿನವ: ಉಗಿಯಲ್ಲಿ ಬರುವುದು ವಾಸನೆ ಎಣ್ಣೆ. ಜಿಂಜರಾಲ್ ಡ್ರಮ್ಮಿನ ಚರಟದಲ್ಲೇ ಉಳಿಯುತ್ತದೆ. ಅವರು ಕೇಳಿದ್ದು ಅದನ್ನಲ್ಲ.

ಉಗಿ ಯಂತ್ರ: ಎಲ್ಲದಕ್ಕೂ ಕೊಂಕು. ಮಾರುಕಟ್ಟೆಯಲ್ಲಿ ಬೆಲೆ ಇರುವುದು ಎಣ್ಣೆಗೆ.

ಸೆಕೆಂಡ್ ಹ್ಯಾಂಡ್ ಅಕ್ಕ: ರೋಟಾವೇಪರ್ ತಗೊಂಡವಳು ನಾನು. ಹಳೇದು, 85 ಸಾವಿರ. ಮಾರಿದ ಡೀಲರ್ "ಅಕ್ಕ, ಹೊಸದರಂತಿದೆ" ಅಂದ. ಆರು ವಾರ ವ್ಯಾಕ್ಯೂಮ್ 300 ಮಿಲಿಬಾರ್ ಕೆಳಗೆ ಇಳಿಯಲೇ ಇಲ್ಲ. ಅಷ್ಟರಲ್ಲಿ ಎಥನಾಲ್ ಕುದಿಯಲು 50 ಡಿಗ್ರಿ ಬೇಕು. ಕುದಿ ಜೋರಾಗಲಿ ಅಂತ ನೀರಿನ ತೊಟ್ಟಿ 70ಕ್ಕೆ ಏರಿಸಿದೆ. ಏನು ಪ್ರಯೋಜನ? ಮ್ಯಾಂಟಲ್ಲಿಗೂ ನನಗೂ ವ್ಯತ್ಯಾಸ ಎಲ್ಲಿ ಉಳಿಯಿತು?

ಎಲ್ಲ ಮುಚ್ಚಿ, ವ್ಯಾಕ್ಯೂಮ್ ಎಳೆದು, ಪಂಪಿನ ಕವಾಟ ಬಂದ್ ಮಾಡಿ ಗೇಜ್ ನೋಡುತ್ತಾ ಕುಳಿತೆ. ಮುಳ್ಳು ಕಣ್ಣೆದುರೇ ಏರುತ್ತಿತ್ತು, ಅಂದರೆ ಗಾಳಿ ಒಳಗೆ ನುಗ್ಗುತ್ತಿತ್ತು. ತಿರುಗುವ ದಂಡದ ಸೀಲ್ ಸವೆದಿತ್ತು. ಹೊಸ ಸೀಲಿಗೆ 4,200, ಕೊರಿಯರ್ 380, ಹಾಕಿಸಲು 1,500. ಈಗ 175 ಮಿಲಿಬಾರ್ ಸಿಗುತ್ತದೆ, ಎಥನಾಲ್ 40ಕ್ಕೇ ಕುದಿಯುತ್ತದೆ. ತೊಟ್ಟಿ 55-60. ಫ್ಲಾಸ್ಕ್ ಅರ್ಧಕ್ಕಿಂತ ಜಾಸ್ತಿ ತುಂಬಲ್ಲ. ಶುಂಠಿ ಸಾರ ನೊರೆ ಎದ್ದರೆ ಕಂಡೆನ್ಸರ್ ಒಳಗೇ ಹಾರುತ್ತದೆ, ತೊಳೆಯುವುದು ಅರ್ಧ ದಿನ. ಅರ್ಧ ಕೆ.ಜಿ. ಪುಡಿಯಿಂದ 28 ಗ್ರಾಂ ಗಟ್ಟಿ ಸಾರ ಬಂತು, ಹಸಿ ಶುಂಠಿ ವಾಸನೆಯೂ ಉಳಿದಿತ್ತು.

ಹೀಟಿಂಗ್ ಮ್ಯಾಂಟಲ್: 28 ಗ್ರಾಮಿಗೆ ಲಕ್ಷದ ಹತ್ತಿರ! ಶುಂಠಿ ಬದಲು ಚಿನ್ನ ತಗೊಳ್ಳಬಹುದಿತ್ತು.

ಸೆಕೆಂಡ್ ಹ್ಯಾಂಡ್ ಅಕ್ಕ: ಎಥನಾಲ್ ವಾಪಸ್ ಸಿಗುತ್ತೆ ಅನ್ನೋದು ಲೆಕ್ಕಕ್ಕೆ ಬರಲ್ವಾ? ನಿಮ್ಮ ಸೋಪಿನ ಖರ್ಚು ನೀವು ನೋಡಿಕೊಳ್ಳಿ.

ನಿಂಬೆಹುಲ್ಲು ತೋಟ: ಬೇಸಿಗೆಯಲ್ಲಿ ಎಷ್ಟು ಸಿಕ್ಕಿತು ಅಂತ ಹೇಳಿ ಅಕ್ಕ. ನಲ್ಲಿ ನೀರು 28 ಡಿಗ್ರಿ ಇದ್ದಾಗ?

ಸೆಕೆಂಡ್ ಹ್ಯಾಂಡ್ ಅಕ್ಕ: ಅದು ನಿಜ. ಏಪ್ರಿಲ್‌ನಲ್ಲಿ ಮೂರು ಲೀಟರಿಗೆ ಎರಡೂಕಾಲು ಸಿಕ್ಕಿತು. ಉಳಿದದ್ದು ಪಂಪಿನ ನೀರಿಗೆ ಹೋಯಿತು, ತೊಟ್ಟಿಯೇ ವಾಸನೆ. ಈಗ ಬಕೆಟ್ಟಿಗೆ ಐಸ್ ಹಾಕಿ ಮೀನಿನ ತೊಟ್ಟಿಯ ಪಂಪಿನಿಂದ ಕಂಡೆನ್ಸರಿಗೆ ನೀರು ಬಿಡುತ್ತೇನೆ. ದಿನಕ್ಕೆ 120 ರೂಪಾಯಿ ಐಸ್.

ಹಳೇ ಲ್ಯಾಬಿನವ: ಅಕ್ಕನ ಲೆಕ್ಕ ಸರಿ. ತೊಟ್ಟಿ, ಆವಿ, ತಂಪು ನೀರು, ಒಂದೊಂದಕ್ಕೂ ನಡುವೆ 20 ಡಿಗ್ರಿ ಅಂತರ ಇರಬೇಕು. 60, 40, 20. ತಂಪು ನೀರು 28 ಆದರೆ ಆವಿಯ ಒಂದು ಪಾಲು ತಪ್ಪಿಸಿಕೊಳ್ಳುತ್ತದೆ.

ಇನ್ನೊಂದು ಮಾತು ಸಾಗರದವರಿಗೆ. ನಿಮ್ಮ ಪುಡಿ ಒಣಶುಂಠಿಯದ್ದು. ಒಣಗಿಸುವಾಗಲೇ ಸ್ವಲ್ಪ ಶೋಗಾಲ್ ಆಗಿರುತ್ತದೆ. ಹೇಗೆ ಒಣಗಿಸಿದಿರಿ? ಬಿಸಿಗಾಳಿ ಪೆಟ್ಟಿಗೆಯಲ್ಲಿ 80ರಲ್ಲಿ ಇಟ್ಟಿದ್ದರೆ, ರೋಟಾವೇಪರ್‌ನ 40 ಡಿಗ್ರಿ ಅದನ್ನು ವಾಪಸ್ ತರಲ್ಲ. ಎಥನಾಲ್ ತೆಗೆಯುವ ಮೊದಲಿನ ಸಾರ, ತೆಗೆದ ಮೇಲಿನ ಸಾರ, ಎರಡನ್ನೂ ಜಿಂಜರಾಲ್, ಶೋಗಾಲ್ ಎಷ್ಟಿದೆ ಅಂತ ಅಳೆಯಲು ಎಚ್‌ಪಿಎಲ್‌ಸಿಗೆ ಕಳಿಸಿ. ಬರೀ ಕೊನೆಯದನ್ನು ಕಳಿಸಿದರೆ ಯಾವ ಹಂತದಲ್ಲಿ ಹೋಯಿತು ಗೊತ್ತಾಗಲ್ಲ.

ಹೀಟಿಂಗ್ ಮ್ಯಾಂಟಲ್: ನೋಡಿ, ಕೊನೆಗೆ ತಪ್ಪು ಒಣಗಿಸಿದವರದ್ದು ಆಯಿತು.

ನಿಂಬೆಹುಲ್ಲು ತೋಟ: ನಾನು ನಡುದಾರಿ ಕೇಳುತ್ತೇನೆ. ಸಾದಾ ಗಾಜಿಗೇ ವ್ಯಾಕ್ಯೂಮ್ ಕೊಟ್ಟರೆ?

ಹಳೇ ಲ್ಯಾಬಿನವ: ಆಗುತ್ತದೆ. ಮ್ಯಾಂಟಲ್ ತೆಗೆದು ನೀರಿನ ತೊಟ್ಟಿಯಲ್ಲಿ ಇಡಿ, ಅಯಸ್ಕಾಂತದ ಕಡ್ಡಿ ಜೋರಾಗಿ ತಿರುಗಲಿ, ಇಲ್ಲದಿದ್ದರೆ ಒಮ್ಮೆಗೇ ಚಿಮ್ಮುತ್ತದೆ. ದುಂಡು ತಳದ ಫ್ಲಾಸ್ಕ್ ಮಾತ್ರ. ಚಪ್ಪಟೆ ತಳದ್ದು, ನಕ್ಷತ್ರದಂತೆ ಸೀಳು ಬಿಟ್ಟದ್ದು ಬೇಡ, ಒಳಕ್ಕೆ ಸಿಡಿಯುತ್ತದೆ. ರೋಟಾವೇಪರ್‌ನಲ್ಲಿ ಸಾರ ತೆಳು ಪದರವಾಗಿ ಹರಡಿ ಬೇಗ ಮುಗಿಯುತ್ತದೆ, ಇಲ್ಲಿ ಎರಡು ಮೂರು ಪಟ್ಟು ಹೊತ್ತು. ಅಷ್ಟು ಹೊತ್ತು ಬಿಸಿ ತಿಂದರೆ ಜಿಂಜರಾಲ್ ಎಷ್ಟು ಉಳಿಯುತ್ತದೆ ಅಂತ ನಾನು ಅಳೆದು ನೋಡಿಲ್ಲ.

ಸಾಗರದ ಶುಂಠಿ: ಎಲ್ಲರಿಗೂ ನಮಸ್ಕಾರ. ಒಣಗಿಸಿದ್ದು ಪೆಟ್ಟಿಗೆಯಲ್ಲೇ, 70ರಲ್ಲಿ. ಈಗ ತಲೆ ಕೆಟ್ಟಿತು. ಅಕ್ಕ, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ಗೊತ್ತಿಲ್ಲ. ರೋಟಾವೇಪರ್ ಮಧ್ಯದಲ್ಲಿ ನಿಂತರೆ?

ಸೆಕೆಂಡ್ ಹ್ಯಾಂಡ್ ಅಕ್ಕ: ನೀರಿನ ಪಂಪ್ ಆದರೆ ನೀರು ಹಿಂದಕ್ಕೆ ಎಳೆದುಕೊಂಡು ಫ್ಲಾಸ್ಕಿಗೆ ಬರುತ್ತೆ. ನನಗೆ ಆಗಿದೆ. ಇಡೀ ಬ್ಯಾಚ್ ಹೋಯಿತು. ಮಧ್ಯೆ ಒಂದು ಖಾಲಿ ಬಾಟಲಿ ಮತ್ತು ನಾನ್ ರಿಟರ್ನ್ ವಾಲ್ವ್ ಹಾಕಿ, ವಾಲ್ವ್ 350 ರೂಪಾಯಿ. ಕರೆಂಟು ಹೋದ ಕೂಡಲೇ ಗಾಳಿ ಬಿಡುವ ಕವಾಟ ತೆಗೆದು ಫ್ಲಾಸ್ಕನ್ನು ತೊಟ್ಟಿಯಿಂದ ಮೇಲೆತ್ತಿ. ನನ್ನದರಲ್ಲಿ ಎತ್ತುವುದೂ ಮೋಟಾರಿನದ್ದೇ, ಕೈಯಲ್ಲಿ ಆಗಲ್ಲ. ತಗೊಳ್ಳುವ ಮೊದಲು ಅದನ್ನು ನೋಡಿ.