ಅಪ್‌ಡೇಟ್: ಮುನ್ಸೂಚನೆಯಿಲ್ಲದೆ ಕಡಿತವಾದ ವಾರ್ಷಿಕ ಶುಲ್ಕ ಮರಳಿ ಬಂದಿದೆ

ನನ್ನ ಪ್ರಶ್ನೆ: “ವ್ಯಾಯಾಮದ ಆ್ಯಪ್ ಒಂದು ಯಾವ ಸೂಚನೆಯನ್ನೂ ಕೊಡದೆ ನನ್ನ ಕಾರ್ಡಿನಿಂದ 2,499 ರೂಪಾಯಿ ನವೀಕರಣ ಶುಲ್ಕ ಕಡಿತ ಮಾಡಿದೆ. ಮರುಪಾವತಿ ಕೇಳಿ ಪತ್ರ ಹೇಗೆ ಬರೆಯಲಿ?”

ಹಣ ಮರಳಿ ಬಂದಿದೆ, ಆದರೆ ಮೊದಲ ಪತ್ರಕ್ಕಲ್ಲ. ಅದರಲ್ಲಿ ನನ್ನ ಬೇಸರವೇ ಹೆಚ್ಚಿತ್ತು. ಕಂಪನಿಯು ಷರತ್ತುಗಳ ಪ್ರಕಾರ ಮರುಪಾವತಿ ಇಲ್ಲವೆಂದು ಒಂದೇ ಸಾಲಿನಲ್ಲಿ ಉತ್ತರಿಸಿತು.

ಆಮೇಲೆ ತಿಳಿದದ್ದೇನೆಂದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಆಗುವ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು, ಮೊತ್ತ ಮತ್ತು ದಿನಾಂಕದೊಂದಿಗೆ, ಬೇಡವೆನ್ನುವ ಅವಕಾಶವನ್ನೂ ಕೊಟ್ಟು ಸೂಚನೆ ಕಳುಹಿಸಬೇಕಾದದ್ದು ಕಾರ್ಡ್ ನೀಡಿದ ಬ್ಯಾಂಕು, ಆ್ಯಪ್ ಕಂಪನಿಯಲ್ಲ. ಸೂಚನೆಯ ವಿಷಯದಲ್ಲಿ ನಾನು ಇಷ್ಟು ದಿನ ತಪ್ಪು ಬಾಗಿಲನ್ನು ತಟ್ಟುತ್ತಿದ್ದೆ. ಸೂಚನೆಯ ದಾಖಲೆಯನ್ನು ಬ್ಯಾಂಕಿಗೆ ಲಿಖಿತವಾಗಿ ಕೇಳಿದಾಗ, ಅಂಥದ್ದು ಹೋಗಿಲ್ಲವೆಂದು ಅವರು ಇಮೇಲ್‌ನಲ್ಲಿ ಒಪ್ಪಿಕೊಂಡರು.

ಆ್ಯಪ್ ಕಂಪನಿಗೆ ಕಳುಹಿಸಿದ ಎರಡನೆಯ ಪತ್ರಕ್ಕೆ ಆ ಇಮೇಲನ್ನು ಲಗತ್ತಿಸಿ, ಹೀಗೆ ಬರೆದೆ: “ಕಡಿತವಾದ ಮರುದಿನವೇ ಚಂದಾ ರದ್ದುಪಡಿಸಿದ್ದೇನೆ, ನವೀಕರಣದ ಬಳಿಕ ಆ್ಯಪನ್ನು ಒಮ್ಮೆಯೂ ಬಳಸಿಲ್ಲವೆಂಬುದನ್ನು ನಿಮ್ಮ ದಾಖಲೆಗಳಲ್ಲೇ ಪರಿಶೀಲಿಸಬಹುದು. ಆದ್ದರಿಂದ ಈ ವಹಿವಾಟಿನ ಪೂರ್ಣ ಮೊತ್ತವನ್ನು ಅದೇ ಕಾರ್ಡಿಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ.” ಬಳಸಿಲ್ಲವೆಂಬ ಮಾತೇ ಹೆಚ್ಚು ತೂಕ ಪಡೆಯಿತೆಂದು ನನ್ನ ಅನಿಸಿಕೆ. ಆರನೆಯ ದಿನ ಪೂರ್ತಿ ಮೊತ್ತ ಜಮೆಯಾಯಿತು. ಆ್ಯಪನ್ನು ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲವಾದ್ದರಿಂದ, ಬ್ಯಾಂಕಿನ ಪುಟದಲ್ಲಿದ್ದ ಸ್ವಯಂಪಾವತಿ ಅನುಮತಿಯನ್ನೂ ಅಂದೇ ರದ್ದುಮಾಡಿದೆ.