ಸಹಾಯ ಬೇಕು: ಪ್ರವಾಸ ವಿಮೆ ಕ್ಲೇಮ್ ತಿರಸ್ಕಾರವಾಗಿದೆ

ಹೊರಡಲು ಎಂಟು ದಿನ ಇರುವಾಗ ಅಪ್ಪನಿಗೆ ನ್ಯುಮೋನಿಯಾ ಆಯಿತು. ಪ್ರಯಾಣ ಬೇಡ ಎಂದು ಡಾಕ್ಟರ್ ಬಾಯಲ್ಲೇ ಹೇಳಿದರು. ಮರುದಿನವೇ ಟಿಕೆಟ್ ರದ್ದು ಮಾಡಿ ವಿಮೆಯವರಿಗೆ ಮೇಲ್ ಕಳಿಸಿದೆ. ಡಾಕ್ಟರ್ ಪತ್ರ ಪಡೆದದ್ದು ಮಾತ್ರ ಹತ್ತು ದಿನ ಬಿಟ್ಟು. ಅಲ್ಲೇ ಎಡವಿದೆ ಅನಿಸುತ್ತದೆ.

ರದ್ದು ಮಾಡಿದ ದಿನ ಪ್ರಯಾಣಕ್ಕೆ ಯೋಗ್ಯರಲ್ಲ ಎಂಬುದಕ್ಕೆ ದಾಖಲೆ ಇಲ್ಲ ಎಂದು ಕ್ಲೇಮ್ ತಿರಸ್ಕರಿಸಿದ್ದಾರೆ. ಜೊತೆಗೆ, ಅಪ್ಪನ ಹಳೆಯ ಬಿಪಿಯನ್ನು ಪಾಲಿಸಿ ಕೊಳ್ಳುವಾಗ ತಿಳಿಸಿಲ್ಲವಂತೆ. ನ್ಯುಮೋನಿಯಾಕ್ಕೂ ಬಿಪಿಗೂ ಸಂಬಂಧವಿಲ್ಲ, ಅಲ್ವಾ?

ಮೊದಲ ದಿನದ ಓಪಿಡಿ ಚೀಟಿ, ಎಕ್ಸ್‌ರೇ, ಟಿಕೆಟ್ ರದ್ದಾದ ರಸೀದಿ, ವಿಮಾನ ಸಂಸ್ಥೆ ವಾಪಸ್ ಕೊಟ್ಟ ಮೊತ್ತದ ಪತ್ರ ಎಲ್ಲವೂ ಇವೆ. ಆ ಚೀಟಿ ಆಧರಿಸಿ, ಯಾವತ್ತಿನಿಂದ ಪ್ರಯಾಣ ಬೇಡವೆಂದಿದ್ದರು ಎಂದು ಡಾಕ್ಟರ್ ಈಗ ಬರೆದುಕೊಟ್ಟರೆ ಒಪ್ಪುತ್ತಾರಾ? ಮರುಪರಿಶೀಲನೆಗೆ ಹದಿನೈದೇ ದಿನ ಉಳಿದಿದೆ. ಹೀಗೆ ಗೆದ್ದವರು ಪತ್ರದಲ್ಲಿ ಏನು ಬರೆಸಿದ್ದಿರಿ, ದಯವಿಟ್ಟು ಹೇಳಿ.