ಅಪ್‌ಡೇಟ್: ಇನ್ಸೆಂಟಿವ್ ಲೆಕ್ಕ ಸರಿಯಿತ್ತು, ಟಾರ್ಗೆಟ್ ಬದಲಾಗಿತ್ತು

ಅವತ್ತು ನಾನು ಕೇಳಿದ್ದು: "ಸೇಲ್ಸ್‌ನವರ ಇನ್ಸೆಂಟಿವ್ ಶೀಟನ್ನು ಪೂರ್ತಿ ಮತ್ತೆ ಲೆಕ್ಕ ಹಾಕಿದೆ, ಒಂದು ರೂಪಾಯಿಯೂ ತಪ್ಪಿಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಇನ್ನೇನು ನೋಡಲಿ?"

ಟಾರ್ಗೆಟ್ ಎಲ್ಲಿಂದ ಬಂತು ನೋಡಿ ಅಂದವರಿಗೆ ಕೈಮುಗಿಯುತ್ತೇನೆ. ಪೇಔಟ್ ಶೀಟ್ ಬದಿಗಿಟ್ಟು, ಜನವರಿ ಮೊದಲ ವಾರ ಎಂಡಿ ಸಹಿ ಮಾಡಿದ ಟಾರ್ಗೆಟ್ ಪಟ್ಟಿಯನ್ನು ಎಚ್‌ಆರ್ ಫೈಲಿನಿಂದ ತರಿಸಿದೆ. ಒಬ್ಬರ ಟಾರ್ಗೆಟ್ ಅದರಲ್ಲಿ 40 ಲಕ್ಷ, ಪೇಔಟ್ ಶೀಟಿನಲ್ಲಿ 36 ಲಕ್ಷ. ಮಾರಾಟ 38 ಲಕ್ಷ. ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಮಾರಾಟದ ಶೇ. 2, ಶೇ. 80 ದಾಟಿ ಮುಟ್ಟದಿದ್ದರೆ ಶೇ. 1. ಹಾಗಾಗಿ 38,000 ಸಿಗಬೇಕಿದ್ದವರಿಗೆ 76,000 ಹೋಗಿದೆ. ಟಾರ್ಗೆಟ್ ಇಳಿಸಿದ ಮೇಲ್ ಏಪ್ರಿಲ್ 4ರದ್ದು, ಅಂದರೆ ಕ್ವಾರ್ಟರ್ ಮುಗಿದ ಮೇಲೆ. ಕಳಿಸಿದ್ದು ರೀಜನಲ್ ಮ್ಯಾನೇಜರ್. ಅವರ ಬೋನಸ್ ಕೂಡ ಇದೇ ತಂಡದ ಸಾಧನೆ ಮೇಲೆ ನಿಂತಿದೆ. ಸ್ಕೀಮ್ ಪ್ರಕಾರ ಟಾರ್ಗೆಟ್ ಬದಲಿಸುವ ಅಧಿಕಾರ ಎಂಡಿಗೆ ಮಾತ್ರ.

ಆಮೇಲೆ ಏಪ್ರಿಲ್‌ನ ಕ್ರೆಡಿಟ್ ನೋಟುಗಳನ್ನು ತೆಗೆದೆ. ಮಾರ್ಚ್ 30ಕ್ಕೆ ಒಬ್ಬ ಡೀಲರ್ ಹೆಸರಿಗೆ 3 ಲಕ್ಷದ ಬಿಲ್, ಏಪ್ರಿಲ್ 9ಕ್ಕೆ ಅಷ್ಟೇ ಮೊತ್ತದ ರಿಟರ್ನ್. ಲಾರಿ ರಸೀದಿ ಇಲ್ಲ, ಗೋಡೌನ್ ಗೇಟ್ ಪುಸ್ತಕದಲ್ಲೂ ಎಂಟ್ರಿ ಇಲ್ಲ. ಸರಕು ಹೊರಗೇ ಹೋಗಿಲ್ಲ! ಅದನ್ನು ಕಳೆದರೆ ನಿಜವಾದ ಮಾರಾಟ 35 ಲಕ್ಷ, ಇಳಿಸಿದ ಟಾರ್ಗೆಟ್ಟೂ ಮುಟ್ಟಿಲ್ಲ. ಸಲ್ಲಬೇಕಿದ್ದದ್ದು 35,000, ಹೆಚ್ಚಿಗೆ ಹೋದದ್ದು 41,000.

ಆ ಸೇಲ್ಸ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಟಾರ್ಗೆಟ್ ಇಳಿಸಿದ್ದು ಅವನಲ್ಲ. ಬಿಲ್ ಯಾರು ಹಾಕಿಸಿದರು ಅಂತ ಇನ್ನೂ ಗೊತ್ತಾಗಬೇಕು. ವರದಿ ನಿನ್ನೆ ಆಡಿಟ್ ಕಮಿಟಿಗೆ ಕೊಟ್ಟೆ.